ಅಕ್ಕನಿಗೆ ಬರೆದಂಗೇ ಬರೆದ ಬಾಡಿಗೆ ಕಾಗದ

“ಸುಳ್ಳ್ಯಾಕ ಹೇಳಲಿ? ನಮ್ಮ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ವಿರುಪಮ್ಮಕ್ಕ ಹೊಸಪೇಟಿ ಬಸ್ ಸ್ಟ್ಯಾಂಡಿನ ಹತ್ರ ಮಳಿಗಿ ಹಿಡದು ರೊಟ್ಟಿ ಖಾನಾವಳಿ ಇಟ್ಟಾಗಿಂದ ನನಗ ಉಂಡಿದ್ದು ಮೈಗೆ ಹತ್ತಿಲ್ಲ. ರೊಟ್ಟಿ ಬಡಿಯೋದು ಕಲಿಸಿದಾಕಿ ನಾನು. ಆಕಿ ಗಲ್ಲಾಪೆಟ್ಟಿಗಿ ಮುಂದ ಕುಂತಾಳ, ನಾನು ಮನಿಯಾಗ ಬಡದು ಬುಟ್ಟಿ ಹೊತ್ತು ತಿರಗಬೇಕು. ಆಕಿ ಪಕ್ಕದ ಮಳಿಗೀನೇ ಬೇಕು ಅಂತ ಎಮ್ಮಿ ಮಾರಿದೆ. ‘ಅಕ್ಕಗ ಬರದಂಗೇ ನನಗೂ ಬರೀರಿ, ಒಂದಕ್ಷರ ಕಡಿಮಿ ಆಗಬಾರದು’ ಅಂತ ಸಾವುಕಾರಗ ನಾನೇ ಹೇಳಿದೆ.”

ಉಚ್ಚೆಂಗಮ್ಮ ಇದನ್ನು ಯಾರ ಮುಂದೆಯೂ ಮುಚ್ಚಿಡುತ್ತಿರಲಿಲ್ಲ. ಎಂಬತ್ತನಾಲ್ಕನೇ ಇಸವಿ. ಕಾಲುವೆ ನೀರಿಗೆ ಭತ್ತ ಬೆಳೆದು ಊರಲ್ಲಿ ದುಡ್ಡಾಡುತ್ತಿದ್ದ ಕಾಲ. ಮಳಿಗೆ ಸಿಗುವುದೇ ಕಷ್ಟ.

ಎರಡೂ ಮಳಿಗೆಗಳ ಮಾಲೀಕ, ಸಾವುಕಾರ ನಾಗೇಂದ್ರಪ್ಪ ಛಾಪಾ ಕಾಗದ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ನಿಂತಿದ್ದ. ಉಚ್ಚೆಂಗಮ್ಮನಿಗೆ ಓದು ಬಾರದು. ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡಿದ್ದ ಪತ್ರ ಬರಹಗಾರ ಪುರಂದರಾಚಾರ್ಯರ ಕೈಗೆ ಕಾಗದ ಕೊಟ್ಟಳು.

“ಓದಿಸೋದೇನೈತಿ?” ಎಂದ ನಾಗೇಂದ್ರಪ್ಪ. “ನಿಮ್ಮಕ್ಕ ತುಟಿ ಪಿಟಕ್ಕನ್ನದ ಹೆಬ್ಬೆಟ್ಟು ಒತ್ತಿದ್ಲು. ನಿಮಗ ಧೈರ್ಯ ಇಲ್ಲೇನು?”

ಅಕ್ಕನ ಹೆಸರು ಬಂದದ್ದೇ ತಡ, ಅವಳ ಹೆಬ್ಬೆರಳು ಮಸಿಡಬ್ಬಿಯ ಕಡೆ ಹೋಯಿತು. ಆಚಾರ್ಯರು ಡಬ್ಬಿಯ ಮೇಲೆ ಕೈಯಿಟ್ಟರು.

“ತಡಿಯವ್ವ. ಕರಾರು ಮೂರು ವರ್ಷದ್ದು. ಅಡ್ವಾನ್ಸ್ ಐದು ಸಾವಿರ. ಮೊದಲ ಎರಡು ವರ್ಷ ನೀನು ಬಿಡಂಗಿಲ್ಲ, ಬಿಟ್ಟರ ಐದು ಸಾವಿರಾನೂ ಹೋತು. ಆದರ ಅವರು ಯಾವಾಗ ಬೇಕಾದರೂ ಒಂದು ತಿಂಗಳ ನೋಟೀಸಿನ ಮ್ಯಾಲೆ ನಿನ್ನ ಬಿಡಿಸಬಹುದು. ಮಾಳಿಗಿ ಸೋರಿದರೂ, ಗೋಡಿ ಬಿದ್ದರೂ ರಿಪೇರಿ ನಿಂದೇ. ಅಡ್ವಾನ್ಸ್ ಯಾವಾಗ ತಿರುಗಿ ಕೊಡ್ತಾರ ಅನ್ನೋದೇ ಇಲ್ಲ.”

“ಅಕ್ಕಗೂ ಹಿಂಗೇ ಬರದೀರೇನು, ಸಾವುಕಾರ್ರ?”

“ಒಂದಕ್ಷರ ಕಡಿಮಿ ಇಲ್ಲ. ನೀವೇ ಕೇಳಿದ್ರಲ್ಲ!”

ಉಚ್ಚೆಂಗಮ್ಮನ ಎದೆಯೊಳಗೆ ಒಂದು ತಣ್ಣನೆಯ ಖುಷಿ ಹರಿಯಿತು, ಅಕ್ಕ ಸಿಕ್ಕಿಬಿದ್ದಳೆಂದು. ಅದರ ಹಿಂದೆಯೇ, ಮಾರಿದ ಎಮ್ಮೆ ಕಣ್ಣ ಮುಂದೆ ಬಂತು; ಅದೇ ಕಾಗದಕ್ಕೆ ತಾನೂ ಸಿಕ್ಕಿಬೀಳಲಿದ್ದಳು.

“ನನಗ ಬ್ಯಾರೆ ಬರೀರಿ,” ಎಂದಳು. “ಎರಡು ವರ್ಷ ನಾ ಬಿಡಂಗಿಲ್ಲಂದರ ನೀವೂ ಬಿಡಿಸಂಗಿಲ್ಲ. ಆಮ್ಯಾಲೆ ಯಾರು ಬ್ಯಾಡ ಅಂದರೂ ಮೂರು ತಿಂಗಳ ನೋಟೀಸು. ಮಾಳಿಗಿ, ಗೋಡಿ ನಿಮ್ಮವು. ಸುಣ್ಣ ಹಚ್ಚೋದು, ದೀಪದ ಬಿಲ್ಲು ನಂದು. ನಾ ಮಳಿಗಿ ಬಿಟ್ಟು ಕೀಲಿ ಕೊಟ್ಟ ದಿನ ಅಡ್ವಾನ್ಸ್ ತಿರುಗಿ ನನ್ನ ಕೈಗೆ. ಇಲ್ಲಾಂದ್ರ ಬ್ಯಾಡ.”

ನಾಗೇಂದ್ರಪ್ಪ ಕಾಗದ ಕಿತ್ತುಕೊಂಡು ಹೊರಟೇ ಹೋದ. ಪಕ್ಕದ ಮಳಿಗೆ ಬೇರೆಯವರ ಪಾಲಾಗುತ್ತದೆಂದು ಎರಡು ದಿನ ಅವಳಿಗೆ ನಿದ್ದೆಯಿಲ್ಲ. ಮೂರನೇ ದಿನ ಅವನೇ ಹೇಳಿ ಕಳಿಸಿದ; ಸೋರುವ ಮಾಳಿಗೆ ನೋಡಿದವರೆಲ್ಲ ಹಿಂದೆ ಸರಿದಿದ್ದರು. ಸುಣ್ಣ ವರ್ಷಕ್ಕೊಮ್ಮೆ ಹಚ್ಚಲೇಬೇಕೆಂದು ಒಂದು ಸಾಲು ಸೇರಿಸಿದ, ಉಳಿದದ್ದು ಒಪ್ಪಿದ. ಆಚಾರ್ಯರು ಹೊಸದಾಗಿ ಬರೆದು ಎರಡು ಸಲ ಓದಿದ ಮೇಲೆ ಅವಳು ಹೆಬ್ಬೆಟ್ಟು ಒತ್ತಿದಳು. ನೋಂದಣಿಯೂ ಆಯಿತು.

ಸುದ್ದಿ ಕೇಳಿ ವಿರುಪಮ್ಮ ಉಚ್ಚೆಂಗಮ್ಮನ ಹೊಸ ಮಳಿಗೆಗೆ ಬಂದಳು. “ಏನೇ, ನಿನಗ ಬಂಗಾರದ ಕಾಗದ ಬರದಾರಂತ?”

“ಓದಿಸಿದೆ, ಅಷ್ಟೇ.”

“ನನಗೊಂದು ಮಾತು ಹೇಳಬಾರದಾಗಿತ್ತೇನು?”

“ನೀ ಮಳಿಗಿ ಹಿಡಿಯುವಾಗ ನನಗ ಹೇಳಿದ್ಯೇನು?”

ವಿರುಪಮ್ಮನ ಮುಖ ಸಣ್ಣದಾಯಿತು. ಅದನ್ನು ನೋಡಲೆಂದೇ ಉಚ್ಚೆಂಗಮ್ಮ ತಿಂಗಳುಗಟ್ಟಲೆ ಕಾದಿದ್ದಳು. ಆದರೂ ಅಕ್ಕನ ಮಳಿಗೆ ಮೂಲೆಯದು, ಎರಡು ಕಡೆ ಬಾಗಿಲು. ಅದು ಈಗಲೂ ಚುಚ್ಚುತ್ತಿತ್ತು. “ನಿನ್ನ ಮೂರು ವರ್ಷ ಮುಗಿದ ಮ್ಯಾಲೆ ಆಚಾರ್ರ ಹತ್ರ ಹೋಗಿ ಬ್ಯಾರೆ ಕಾಗದ ಬರಸು,” ಎಂದು ಮುಖ ತಿರುಗಿಸಿಯೇ ಹೇಳಿದಳು. ಮರಿಯಮ್ಮನಹಳ್ಳಿ ಲಾರಿಯವರು ಊಟಕ್ಕೆ ಬರುವ ಹೊತ್ತಾಗಿತ್ತು. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ, ನಾದಿ, ಮೊದಲ ರೊಟ್ಟಿ ಬಡಿಯತೊಡಗಿದಳು.