ರಜೆಯೆಂದು ಬರೆದ ಸೋಮವಾರ

ಪುಟ್ಟರಾಜು ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಪಂಚಾಕ್ಷರಯ್ಯನವರ ಹೋಟೆಲಿನಲ್ಲಿ ದೋಸೆ ಹಿಟ್ಟು ರುಬ್ಬುತ್ತಿದ್ದ. ಬೆಳಗಿನ ನಾಲ್ಕಕ್ಕೆ ಒರಳಿನ ಮುಂದೆ ಕೂತರೆ ರಾತ್ರಿ ಒಂಬತ್ತಕ್ಕೆ ಏಳುವುದು. ಹೆಂಡತಿ ಚಿಕ್ಕಲಕ್ಷ್ಮಮ್ಮ ಇದ್ದದ್ದು ಪಕ್ಕದ ಸಾಲಗಾಮೆಯಲ್ಲೇ. ಆದರೂ ತಿಂಗಳಿಗೊಮ್ಮೆ ಮನೆಗೆ ಹೋದರೆ ಹೆಚ್ಚು.

ಆ ಹೋಟೆಲಿನ ಲೆಕ್ಕ ಬರೆಯುತ್ತಿದ್ದವನು ನಾನು, ಗೌರೀಶಂಕರ. ಹೊಸ ಕಾಯಿದೆ ಬಂತು: ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಮೀರಿದರೆ ದುಪ್ಪಟ್ಟು ಕೂಲಿ, ವಾರಕ್ಕೊಂದು ರಜೆ. ಯಜಮಾನರು ಹಾಜರಿಗೊಂದು, ಸಂಬಳಕ್ಕೊಂದು ಪುಸ್ತಕ ತಂದು ನನ್ನ ಮುಂದೆ ಒಗೆದರು. ಎಂಟರಿಂದ ಒಂದು, ಎರಡರಿಂದ ಐದು, ಸೋಮವಾರ ರಜೆ, ಓವರ್‌ಟೈಮ್ ಇಲ್ಲ ಎಂದು ಬರಿ ಎಂದರು. ಹಾಗೇ ಬರೆದೆ. ಬರೆಯದೆ ಏನು ಮಾಡಲಿ, ನನಗೂ ಹೊಟ್ಟೆಯಿತ್ತಲ್ಲ! ತಿಂಗಳ ಕೊನೆಗೆ ಪುಟ್ಟರಾಜು ಬಂದು ಹೆಬ್ಬೆಟ್ಟು ಒತ್ತುವನು. ಏನು ಬರೆದಿದೆ ಎಂದು ಒಂದು ದಿನವೂ ಕೇಳಲಿಲ್ಲ. ಕೇಳುವ ತ್ರಾಣ ಉಳಿದಿದ್ದರಲ್ಲವೇ.

ಅರವತ್ತೇಳರ ಚಳಿಗಾಲದಲ್ಲಿ ಯಾರೋ ದೂರಿನ ಅರ್ಜಿ ಹಾಕಿದ್ದರಿಂದ ಲೇಬರ್ ಇನ್ಸ್‌ಪೆಕ್ಟರ್ ಬಂದರು. ಸಂತೆಗೆ ಬಂದಿದ್ದ ಚಿಕ್ಕಲಕ್ಷ್ಮಮ್ಮ ಗಂಡನನ್ನು ನೋಡಲು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಇನ್ಸ್‌ಪೆಕ್ಟರು ಪುಟ್ಟರಾಜುವನ್ನು ಕರೆದು ಪುಸ್ತಕ ಓದಿ, ಪ್ರತಿ ಸೋಮವಾರ ರಜೆ ಸಿಕ್ಕಿದೆಯೇ ಎಂದು ಕೇಳಿದರು. ಅವನು ಯಜಮಾನರ ಮುಖ ನೋಡಿ ಹೌದೆಂದು ತಲೆಯಾಡಿಸಿದ.

ಚಿಕ್ಕಲಕ್ಷ್ಮಮ್ಮ ಒಳಗೆ ಬಂದಳು. "ಶ್ರಾವಣದ ಕಡೇ ಸೋಮವಾರಾನೂ ರಜಾ ಅಂತ ಬರ್ದೈತಾ ಸಾ?"

ಇನ್ಸ್‌ಪೆಕ್ಟರು ಹಾಳೆ ತಿರುವಿ, ಹೌದು ಎಂದರು.

ಆ ಸೋಮವಾರ ಬೆಳಿಗ್ಗೆ ಅವರ ಮಗು ಜ್ವರದಲ್ಲಿ ತೀರಿಕೊಂಡಿತ್ತು. ಸುದ್ದಿ ಅಂದೇ ಬಂದರೂ ಇವನು ಊರು ಮುಟ್ಟಿದ್ದು ಮಾರನೆಯ ದಿನ, ಮಣ್ಣು ಮಾಡಿದ ಮೇಲೆ.

"ರಜಾ ಇಟ್ಕಂಡೂ ಬರ್ನಿಲ್ವಾ? ಮಗಿನ ಮಖ ನೋಡಕ್ಕೂ ಬರ್ನಿಲ್ವಾ ನೀನು?" ಎಂದಳು.

ಪುಟ್ಟರಾಜು ಒದ್ದಾಡಿಹೋದ. "ರಜಾ ಕೊಡ್ನಿಲ್ಲ ಕಣೆ. ಇಟ್ಟು ರುಬ್ಬಿ ಮುಗಿಸ್ಕಂಡು ಓಗು ಅಂದ್ರು. ಮುಗಿಯೋ ವೊತ್ಗೆ ಬಸ್ಸಿರ್ನಿಲ್ಲ."

ಹೆಬ್ಬೆಟ್ಟು ನಿನ್ನದೇ ತಾನೆ ಎಂದು ಇನ್ಸ್‌ಪೆಕ್ಟರು ಕೇಳಿದರು. ಹೌದೆಂದ. ಅವಳು ಪುಸ್ತಕವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಯಾರನ್ನು ನಂಬಬೇಕೋ ಅವಳಿಗೆ ತಿಳಿಯಲಿಲ್ಲ. ಯಜಮಾನರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಸಾಕಾಗಿತ್ತು ನನಗೆ.

"ಬರೆದವನು ನಾನು ಸಾರ್. ಅವತ್ತು ಅವನು ರುಬ್ಬುತ್ತಿದ್ದ. ರಜೆ ಅನ್ನೋದು ಸುಳ್ಳು" ಎಂದೆ.

ಇನ್ಸ್‌ಪೆಕ್ಟರು ಪುಸ್ತಕಗಳನ್ನು ವಶಕ್ಕೆ ತೆಗೆದುಕೊಂಡು ನನ್ನ ಹೇಳಿಕೆ ಬರೆದರು. ಅವತ್ತೇ ನನ್ನ ಕೆಲಸ ಹೋಯಿತು. ಎರಡು ವರ್ಷದ ಓವರ್‌ಟೈಮಿಗೆ ದುಪ್ಪಟ್ಟು ಬರಬೇಕು, ಅದನ್ನು ಕೇಳಬಹುದು ಎಂದು ಅವರು ಚಿಕ್ಕಲಕ್ಷ್ಮಮ್ಮನಿಗೆ ತಿಳಿಸಿದರು. ಅದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಆ ಸೋಮವಾರದ್ದು ಏನು ಬರ್ಕಂಡ್ರಿ, ಒಸಿ ಓದಿ ಸಾ" ಎಂದಳು.

ಪುಟ್ಟರಾಜು ಅಂದು ಕೆಲಸದಲ್ಲಿದ್ದನು ಎಂದು ಅವರು ಓದಿದರು. ಅವಳು ಇನ್ನೊಂದು ಸಲ ಓದಿಸಿದಳು. ಆಮೇಲೆ ಗಂಡನ ಹಿಟ್ಟಿನ ಕೈ ಹಿಡಿದುಕೊಂಡು ಅತ್ತಳು.