ಪಕ್ಕದಲ್ಲಿ ನಿಂತ ಇನ್ನೊಬ್ಬ ಹುಡುಗಿ

ಬಿಟಿಎಂ ಲೇಔಟಿನಲ್ಲಿ ಪಿಜಿಗಳು ಸಾಲಾಗಿ ನಿಂತಿರುವ ಬೀದಿಯ ಹಿಂಬದಿಗೆ ಹೋದರೆ, ಬೆಳಕು ಹರಿಯುವ ಮುಂಚೆಯೇ ಒಂದು ಮನೆಯಿಂದ ಟಪ್ ಟಪ್ ಅಂತ ಸದ್ದು ಬರುತ್ತದೆ. ಅದು ಶರಣಮ್ಮ ಜೋಳದ ರೊಟ್ಟಿ ಬಡಿಯುವ ಸದ್ದು. ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಬಾಡಿಗೆಗೆ ನಿಂತವರು ಅವರು. ಆ ಬೀದಿಯ ಮೂರು ಪಿಜಿ, ಒಂದು ಮೆಸ್ಸು ಅವರ ರೊಟ್ಟಿ ತಿಂದೇ ಆಫೀಸಿಗೆ ಹೋಗುತ್ತವೆ. ಪ್ಯಾಕೆಟ್ಟಿನ ಮೇಲೆ ಅಂಟಿಸುವ ಚೀಟಿಯಲ್ಲಿ ಮಾತ್ರ ‘ಹಣಮಪ್ಪ ಜೋಳದ ರೊಟ್ಟಿ’ ಅಂತಿದೆ. ಹಣಮಪ್ಪ ಶರಣಮ್ಮನ ಗಂಡ. ರೊಟ್ಟಿಯನ್ನು ಸ್ಕೂಟರಿನಲ್ಲಿ ಹಂಚಿ ಬರುವುದು ಅವರ ಕೆಲಸ.

ಈ ಕಥೆ ಅವರ ಮಗಳು ನೀಲಗಂಗಾಳದು.

ನೀಲಗಂಗಾ ಜಯನಗರದ ಒಂದು ಜಾಹೀರಾತು ವಾರಪತ್ರಿಕೆಯಲ್ಲಿ ಕೆಲಸಕ್ಕಿದ್ದಳು. ಮನೆ ಬಾಡಿಗೆಗಿದೆ, ನಾಯಿಮರಿ ಮಾರಾಟಕ್ಕಿದೆ, ವಧು ಬೇಕಾಗಿದ್ದಾಳೆ. ಇದನ್ನೇ ತಿದ್ದಿ ತಿದ್ದಿ ಅವಳಿಗೆ ಸಾಕಾಗಿತ್ತು. ಪತ್ರಿಕೋದ್ಯಮ ಎಂಎಗೆ ಅರ್ಜಿ ಹಾಕಲು ಕೂತಾಗ ಅವಳು ಮನೆಯಲ್ಲಿ ಯಾರನ್ನೂ ಕೇಳಲಿಲ್ಲ, ಹೇಳಿದಳು ಅಷ್ಟೆ. ಕಾಲೇಜಿನವರು ಎರಡು ಕೇಳಿದ್ದರು. ಒಂದು, ಅವಳೇ ಬರೆದ ವರದಿಯ ಸ್ಯಾಂಪಲ್. ಇನ್ನೊಂದು, ಅದರ ಜೊತೆಗೆ ಒಂದು ಸ್ಟೇಟ್‌ಮೆಂಟ್: ಈ ಬರಹದಲ್ಲಿ ನೀವು ಯಾವ ಯಾವ ತೀರ್ಮಾನ ತೆಗೆದುಕೊಂಡಿರಿ, ಯಾರನ್ನು ಮಾತಾಡಿಸಿದಿರಿ, ಯಾರನ್ನು ಬಿಟ್ಟಿರಿ, ಯಾಕೆ? ಕನ್ನಡದಲ್ಲೂ ಬರೆಯಬಹುದು ಅಂದಿದ್ದರು.

ಸ್ಯಾಂಪಲ್ ಬೇಗ ಆಯಿತು. ಪಿಜಿಗಳಿಗೆ ರೊಟ್ಟಿ ಮಾಡಿಕೊಡುವ ಹೆಂಗಸರ ಬಗ್ಗೆ ಅವಳು ಬರೆದಿದ್ದಳು. ವರದಿಯಲ್ಲಿ ಮೂವರು ಹೆಂಗಸರಿದ್ದರು, ನಡುವೆ ಶರಣಮ್ಮ. ವರದಿಯೊಳಗೆ ತನ್ನ ತಾಯಿ ಅಂತ ಎಲ್ಲೂ ಬರೆದಿರಲಿಲ್ಲ. ಬರೆದರೆ ಮನೆ ಮಾತು ಅಂತ ತಳ್ಳಿಹಾಕುತ್ತಾರೆ ಅನ್ನುವ ಹೆದರಿಕೆ. ತಾಯಿಯನ್ನು ಮಾತಾಡಿಸಲು ಕೂತಾಗ ಶರಣಮ್ಮ, “ಕುಂತು ಮಾತಾಡಾಕ ನನಗ ಹೊತ್ತಿಲ್ಲವಾ. ಕೇಳೂದಿದ್ರ ಹಂಚಿನ ಕಡಿ ನಿಂತು ಕೇಳು” ಅಂದಿದ್ದರು. ಹಾಗಾಗಿ ನೀಲಗಂಗಾ ರೊಟ್ಟಿ ಮಗುಚುತ್ತಲೇ ಪ್ರಶ್ನೆ ಕೇಳಿದ್ದಳು. ಅದೇನು ಹೊಸದಲ್ಲ, ದಿನವೂ ಅಲ್ಲೇ ನಿಲ್ಲುತ್ತಿದ್ದಳು. ಆ ದಿನ ಫೋನು ರೆಕಾರ್ಡ್ ಆಗುತ್ತಿತ್ತು, ಅಷ್ಟೇ ವ್ಯತ್ಯಾಸ.

ವರದಿಯನ್ನೂ ಸ್ಟೇಟ್‌ಮೆಂಟಿನ ಕರಡನ್ನೂ ವಿಜಯಕುಮಾರ್ ಅವರಿಗೆ ತೋರಿಸಿದಳು. ಅವರು ಬಹಳ ವರ್ಷ ಪತ್ರಿಕೆಯಲ್ಲಿದ್ದವರು. ಈಗ ಜಯನಗರದಲ್ಲಿ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅರ್ಜಿ ಹಾಕುವ ಮಕ್ಕಳಿಗೆ ಪಾಠ ಹೇಳುತ್ತಾರೆ.

“ವರದಿ ಸಖತ್ತಾಗಿದೆ ಕಣಮ್ಮ” ಅಂದರು. “ಸ್ಟೇಟ್‌ಮೆಂಟ್‌ದೇ ಕಷ್ಟ. ಇಲ್ಲೇನಿದು, ‘ಶರಣಮ್ಮ ನನ್ನ ತಾಯಿ’ ಅಂತ ಬರೆದಿದೀಯಾ?”

“ಹೌದಲ್ವಾ ಸಾರ್.”

“ಹೌದು ಅನ್ನೋದೇ ತೊಂದ್ರೆ. ಸಂಬಂಧಿಕರನ್ನ ಮಾತಾಡಿಸಿ ವರದಿ ಮಾಡೋದು ಅಂದ್ರೆ ಕಮಿಟಿಯೋರು ಮೂಗು ಮುರೀತಾರೆ. ಆ ಸಾಲು ಹೊಡೆದು ಹಾಕು. ನೆರೆಮನೆಯೋರು ಅನ್ನು. ಕಡೇಲಿ ‘ದನಿಯಿಲ್ಲದವರಿಗೆ ದನಿಯಾಗುವ ಆಸೆಯಿಂದ ಈ ವಿಷಯ ಆರಿಸಿಕೊಂಡೆ’ ಅಂತ ಒಂದು ಸಾಲು ಸೇರಿಸು. ಅದು ಯಾವಾಗ್ಲೂ ನಡೆಯುತ್ತೆ.”

“ದನಿಯಿಲ್ಲದವರಾ ಸಾರ್? ನಮ್ಮವ್ವನಿಗಾ?” ನೀಲಗಂಗಾಗೆ ನಗು ತಡೆಯಲಾಗಲಿಲ್ಲ. “ಒಂದು ದಿನ ಹಂಚು ಕಾದ ಹೊತ್ತಿಗೆ ನಮ್ಮ ಮನೆ ಕಡೆ ಬನ್ನಿ. ಎರಡು ಬೀದಿ ಆಚೆಗೂ ಕೇಳಿಸುತ್ತೆ.”

“ತಮಾಷೆ ಮಾಡ್ಬೇಡ. ಸೀಟು ಬೇಕೋ ಬೇಡ್ವೋ?”

ಸೀಟು ಬೇಕಿತ್ತು. ತುಂಬಾ ಬೇಕಿತ್ತು. ಅವಳು ಮನೆಗೆ ಬಂದು ಆ ಸಾಲನ್ನು ಅಳಿಸಿದಳು. ಅಳಿಸುವ ಮುಂಚೆ ತಾಯಿಯನ್ನು ಒಂದು ಮಾತು ಕೇಳೋಣ ಅನ್ನಿಸಲಿಲ್ಲವಲ್ಲ ಅಂತ ಆಮೇಲೆ ಮುಜುಗರವಾಗಿ, ಸಂಜೆ ವರದಿಯನ್ನು ಗಟ್ಟಿಯಾಗಿ ಓದಿ ಹೇಳಲು ಕೂತಳು. ಶರಣಮ್ಮ ಮರುದಿನದ ಜೋಳದ ಹಿಟ್ಟು ಜರಡಿ ಹಿಡಿಯುತ್ತಾ ಕೇಳಿಸಿಕೊಂಡರು. ಎಸರು ಕುದಿಯುವುದು, ಹಿಟ್ಟು ನಾದುವುದು, ಬಿಸಿಗೆ ಕೆಂಪಾದ ಬೆರಳು, ಎಲ್ಲಕ್ಕೂ ‘ಹೂಂ’ ಅಂದರು. ಮೂರನೇ ಪುಟದಲ್ಲಿ ನೀಲಗಂಗಾ ಓದಿದಳು:

“ಪಕ್ಕದಲ್ಲಿ ನಿಂತ ಇನ್ನೊಬ್ಬ ಹುಡುಗಿ ರೊಟ್ಟಿಯ ಮೇಲೆ ನೀರಿನ ಬಟ್ಟೆ ಆಡಿಸಿ ಮಗುಚುತ್ತಾಳೆ.”

ಜರಡಿ ನಿಂತಿತು.

“ತಡಿ. ಯಾರಕಿ?”

“ಯಾರು?”

“ಅದ, ಆ ಇನ್ನೊಬ್ಬ ಹುಡುಗಿ. ನಾ ಯಾವ ಕೆಲಸದಾಕಿನ್ನೂ ಇಟ್ಕೊಂಡಿಲ್ಲ. ಇದನ್ನ ಮೆಸ್ಸಿನವ ಓದಿದ್ರ, ಶರಣಮ್ಮ ಕೈ ಬದಲಿ ಮಾಡ್ಯಾಳ, ಅದಕ್ಕ ರೊಟ್ಟಿ ಮೊದಲಿನಂಗಿಲ್ಲ ಅಂತ ತಕರಾರು ತಗೀತಾನ. ಯಾರಕಿ ಹೇಳು!”

“ಅವ್ವಾ, ಅದು ನಾನಽ.”

“ನೀನು?” ಶರಣಮ್ಮ ಮಗಳ ಮುಖ ನೋಡಿದರು. “ಮತ್ತ ನಿನ್ನ ಹೆಸರಿಲ್ಲೇನು? ಇಷ್ಟು ವರ್ಷ ನನ್ನ ಕೂಡ ಹಂಚಿನ ಮುಂದ ನಿಂತಿ, ಬರಿಯೂ ಮುಂದ ಯಾರದೋ ಮಗಳಾಗಿಬಿಟ್ಟ್ಯಾ?”

ಇಷ್ಟು ಹೇಳಿ ಅವರು ಮತ್ತೆ ಹಿಟ್ಟಿಗೆ ಕೈ ಹಾಕಿದರು. ಅವರಿಗೆ ಅದು ಅಲ್ಲಿಗೆ ಮುಗಿದ ಮಾತು. ನೀಲಗಂಗಾಗೆ ಅಲ್ಲಿಂದ ಶುರುವಾಯಿತು.

ಹೆಂಗಸರ ಲೆಕ್ಕಕ್ಕೆ ಬಾರದ ದುಡಿಮೆಯನ್ನು ತೋರಿಸುತ್ತೇನೆ ಅಂತ ಹೊರಟವಳು, ವರದಿಯಲ್ಲಿದ್ದ ಒಬ್ಬ ಹೆಂಗಸಿನ ದುಡಿಮೆಯನ್ನು ತಾನೇ ಮುಚ್ಚಿದ್ದಳು. ಆ ಹುಡುಗಿಗೆ ಹೆಸರಿಲ್ಲ, ಸಂಬಳವಿಲ್ಲ, ಅವಳು ಯಾಕೆ ಅಲ್ಲಿ ನಿಂತಿದ್ದಾಳೆ ಅನ್ನುವ ಪ್ರಶ್ನೆಯೂ ಇಲ್ಲ. ಮಗಳು ಅಂತ ಹೇಳಿದ್ದರೆ ಓದುವವರು ಮುಂದಿನದನ್ನು ಕೇಳುತ್ತಿದ್ದರು: ಮಗ ಎಲ್ಲಿ?

ಮಗ ಒಳಕೋಣೆಯಲ್ಲಿದ್ದ. ನಿಂಗರಾಜ, ನೀಲಗಂಗಾಳ ತಮ್ಮ. ಬೊಮ್ಮನಹಳ್ಳಿಯ ಗಾರ್ಮೆಂಟ್ ಕಂಪನಿಯ ಸ್ಟೋರಿನಲ್ಲಿ ಅವನಿಗೆ ಕೆಲಸ. ಅಕ್ಕ, ತಮ್ಮ ಇಬ್ಬರೂ ಬೆಳಿಗ್ಗೆ ಒಂದೇ ಹೊತ್ತಿಗೆ ಮನೆ ಬಿಡುತ್ತಾರೆ. ಏಳುವ ಹೊತ್ತು ಮಾತ್ರ ಬೇರೆ. ನೀಲಗಂಗಾ ಫೋನು ಹಿಡಿದು ಹೋಗಿ ಅವನ ಎದುರು ಕೂತಳು.

“ನಿಂಗಾ, ವರದಿಗೆ ಒಂದು ಪ್ರಶ್ನೆ. ನಿನ್ನ ಹೆಸರು ಹಾಕ್ತೀನಿ, ಮೊದಲೇ ಹೇಳ್ತಿದೀನಿ. ನೀನ್ಯಾಕೆ ಬೆಳಿಗ್ಗೆ ರೊಟ್ಟಿ ಕೆಲಸಕ್ಕೆ ಬರಲ್ಲ?”

“ಏನ್ ಗುರು ಇದು, ಮನೇಲೇ ಪ್ರೆಸ್ ಮೀಟಾ?” ಅವನು ನಕ್ಕ. ಅವಳು ನಗಲಿಲ್ಲ. ಅವನು ನಿಜವಾಗಿಯೂ ಯೋಚಿಸಿದ. “ನನ್ನನ್ನ ಯಾರೂ ಕರೀಲಿಲ್ಲ ಅಕ್ಕ.”

“ಇದನ್ನ ಹಾಕ್ಲಾ?”

“ಹಾಕು. ಸುಳ್ಳೇನಲ್ವಲ್ಲ.”

ತಂದೆಯನ್ನೂ ಕೇಳಿದಳು. ಹಣಮಪ್ಪ ಸ್ಕೂಟರ್ ಒರೆಸುತ್ತಾ, “ರೊಟ್ಟಿ ಬಡಿಯೂದು ಹೆಂಗಸರ ಕೆಲಸ. ವ್ಯವಹಾರ ನಂದು. ಬರಕೋ” ಅಂದರು. ಅವಳು ಬರೆದುಕೊಂಡಳು. ಅವರು ದಿನವೂ ಟ್ರಾಫಿಕ್ಕಿನಲ್ಲಿ ರೊಟ್ಟಿ ಹೊತ್ತು ತಿರುಗುವುದನ್ನೂ ಬರೆದಳು. ಅದೂ ನಿಜವೇ.

ಮೂರನೇ ಪುಟ ಬದಲಾಯಿತು. “ಪಕ್ಕದಲ್ಲಿ ನಿಂತವಳು ಈ ವರದಿಗಾರ್ತಿ. ಅವಳು ಶರಣಮ್ಮನ ಮಗಳು. ಈ ಕೆಲಸಕ್ಕೆ ಅವಳಿಗೆ ಸಂಬಳವಿಲ್ಲ.” ಅದರ ಕೆಳಗೆ ತಮ್ಮನ ಮಾತು, ಅವನು ಆಡಿದ ಹಾಗೆಯೇ. ಆಮೇಲೆ ಸ್ಟೇಟ್‌ಮೆಂಟನ್ನು ಹೊಸದಾಗಿ ಬರೆದಳು. ಮೊದಲ ಸಾಲಿನಲ್ಲೇ ‘ಶರಣಮ್ಮ ನನ್ನ ತಾಯಿ’ ಅಂತ ಇಟ್ಟಳು. ಮೊದಲ ಕರಡಿನಲ್ಲಿ ತನ್ನನ್ನು ‘ಇನ್ನೊಬ್ಬ ಹುಡುಗಿ’ ಮಾಡಿ ಬಚ್ಚಿಟ್ಟಿದ್ದು, ಅದು ತಪ್ಪು ಅಂತ ತಾಯಿಯಿಂದ ಗೊತ್ತಾಗಿದ್ದು, ರೊಟ್ಟಿ ಮಗುಚುತ್ತಾ ಪ್ರಶ್ನೆ ಕೇಳಿದ್ದು, ರೆಕಾರ್ಡಿಂಗ್ ತನ್ನ ಬಳಿ ಇರುವುದು, ಉಳಿದ ಇಬ್ಬರು ಹೆಂಗಸರು ತನಗೆ ಸಂಬಂಧಿಕರಲ್ಲ ಅನ್ನುವುದು, ಎಲ್ಲವನ್ನೂ ಬರೆದಳು. ದನಿಯಿಲ್ಲದವರ ಸಾಲು ಸೇರಿಸಲಿಲ್ಲ.

ವಿಜಯಕುಮಾರ್ ಓದಿ ಕನ್ನಡಕ ತೆಗೆದಿಟ್ಟರು. “ನನ್ನ ಮಾತು ಕೇಳಲ್ಲ ಅಂತಾಯ್ತು.”

“ಕೇಳಿದೆ ಸಾರ್. ಆದ್ರೆ ಯಾಕೆ ಹೀಗೆ ಬರೆದೆ ಅಂತ ಕೇಳಿರೋ ಕಾಗದದಲ್ಲೇ ಸುಳ್ಳು ಹೇಳಿದ್ರೆ, ಮುಂದೆ ಯಾವ ವರದಿ ಬರೀಲಿ?”

“ಸೀಟು ಹೋದ್ರೆ?”

“ಹೋದ್ರೆ ಹೋಗಲಿ. ನೆರೆಮನೆಯೋಳ ಹೆಸರಲ್ಲಿ ಬರೋ ಸೀಟು ನನಗ್ಯಾಕೆ?”

ಗಲಾಟೆ ಮನೆಯಲ್ಲೂ ಆಯಿತು. ಮಗಳಿಗೆ ಸಂಬಳ ಕೊಡುವುದಿಲ್ಲ ಅಂತ ಊರಿಗೆಲ್ಲ ಸಾರುತ್ತೀಯಾ ಅಂತ ಹಣಮಪ್ಪ ರೇಗಿದರು. “ಕೊಡ್ತಿದ್ರೆ ಹಾಗೇ ಬರೀತಿದ್ದೆ ಅಪ್ಪಾ” ಅಂದಳು ನೀಲಗಂಗಾ. ಹಣಮಪ್ಪ ಹೆಂಡತಿಯ ಕಡೆ ತಿರುಗಿದರು. ಶರಣಮ್ಮ, “ನನ್ನ ಕಡಿ ಏನ್ ನೋಡ್ತೀರಿ? ನನಗೂ ಯಾರು ಕೊಟ್ಟಾರ?” ಅಂದು ಪಾತ್ರೆ ತೊಳೆಯಲು ಎದ್ದರು. ನೀಲಗಂಗಾ ಅರ್ಜಿ ಕಳಿಸಿಬಿಟ್ಟಳು.

ಸಂದರ್ಶನಕ್ಕೆ ಕರೆ ಬಂತು. ಆ ದಿನ ಬೆಳಿಗ್ಗೆ ಅವಳು ಅಭ್ಯಾಸದಂತೆ ಎದ್ದು ಅಡುಗೆಮನೆಗೆ ಬಂದರೆ, ಶರಣಮ್ಮ ಅವಳನ್ನು ಹೊರಗೆ ನೂಕಿದರು. “ಹೋಗು, ಜಳಕ ಮಾಡಿ ಓದ್ಕೋ.” ಆಮೇಲೆ ಒಳಕೋಣೆಯ ಬಾಗಿಲಿಗೆ ಹೋಗಿ ದನಿ ಎತ್ತಿದರು. ಆ ದನಿಯನ್ನು ವಿಜಯಕುಮಾರ್ ಕೇಳಬೇಕಿತ್ತು.

“ಏ ನಿಂಗಾ! ಏಳು! ಯಾರೂ ಕರೀಲಿಲ್ಲ ಅಂತ ಬರಸಿಯಲ್ಲ, ಈಗ ಕರಿಯಾಕತ್ತೀನಿ. ಬಾ!”

ಕಾಲೇಜಿನಲ್ಲಿ ಇಬ್ಬರು ಎದುರಿಗಿದ್ದರು. ನರೆಗೂದಲಿನ ಒಬ್ಬ ಪ್ರಾಧ್ಯಾಪಕರು, ಅವಳ ಸ್ಟೇಟ್‌ಮೆಂಟಿನ ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿಕೊಂಡಿದ್ದ ಒಬ್ಬ ಮೇಡಂ.

“ನಿಮ್ಮ ತಾಯಿ ಅಂತ ಗೊತ್ತಾದ ಮೇಲೆ ಈ ವರದೀನ ಹೇಗಮ್ಮ ನಂಬೋದು?” ಪ್ರಾಧ್ಯಾಪಕರು ಕೇಳಿದರು.

“ಸುಮ್ಮನೆ ನಂಬಬೇಡಿ ಸಾರ್, ಪರೀಕ್ಷೆ ಮಾಡಿ. ಅದಕ್ಕೇ ಹೇಳಿದೀನಿ. ಹೇಳದೇ ಇದ್ದಿದ್ರೆ ನೀವು ನಂಬಿಬಿಡ್ತಿದ್ರಿ.”

ಮೇಡಂ ತಲೆ ಎತ್ತಿದರು. “ತಾಯಿಗೆ ಎರಡು ಪುಟ, ತಂದೆಗೆ ನಾಲ್ಕು ಸಾಲು. ಇದು ನ್ಯಾಯಾನಾ?”

“ಅವರು ಹೇಳಿದ್ದೆಲ್ಲ ಹಾಕಿದೀನಿ ಮೇಡಂ. ಇನ್ನೂ ಮಾತಾಡಿಸಬೇಕಿತ್ತು, ಅದು ನಿಜ. ಬಿಲ್ಲು, ಬಾಕಿ ಎಲ್ಲ ಅವರ ಕೈಲಿದೆ, ಅದನ್ನ ನಾನು ಕೇಳಲಿಲ್ಲ. ಮತ್ತೆ ಬರೆದ್ರೆ ಕೇಳ್ತೀನಿ.”

“ಒಂದು ಕೊನೇ ಪ್ರಶ್ನೆ. ನಾವು ಸ್ಟೇಟ್‌ಮೆಂಟ್ ಕೇಳದೇ ಇದ್ದಿದ್ರೆ, ಆ ಹುಡುಗಿ ನೀವೇ ಅಂತ ಹೇಳ್ತಿದ್ರಾ?”

ಹೌದು ಅನ್ನುವುದು ಸುಲಭವಿತ್ತು. ನೀಲಗಂಗಾ ತನ್ನ ಬೆರಳುಗಳನ್ನು ನೋಡಿಕೊಂಡಳು.

“ಇಲ್ಲ ಮೇಡಂ. ನಾನ್ಯಾಕೆ ಅಲ್ಲಿ ನಿಂತಿದೀನಿ ಅಂತ ಅಲ್ಲಿವರೆಗೂ ಯಾರೂ ಕೇಳಿರಲಿಲ್ಲ. ನಾನೂ ಕೇಳ್ಕೊಂಡಿರಲಿಲ್ಲ.”

ಮೇಡಂ ಪೆನ್ಸಿಲ್ಲಿನಲ್ಲಿ ಏನೋ ಬರೆದುಕೊಂಡರು. ಏನು ಅಂತ ತಿಳಿಯಲಿಲ್ಲ.

ಸೀಟು ಸಿಕ್ಕಿತು. ಮೇಲ್ ಬಂದ ದಿನ ಬೆಳಿಗ್ಗೆ ಹಂಚಿನ ಮುಂದೆ ನಿಂತಿದ್ದವನು ನಿಂಗರಾಜ. ಅವನು ಮಗುಚಿದ ರೊಟ್ಟಿಯ ಒಂದು ಮಗ್ಗುಲು ಹರಿದು, ಇನ್ನೊಂದು ಮಗ್ಗುಲು ಕರಕಲಾಗಿತ್ತು. ಅದನ್ನು ಪಿಜಿಗೆ ಕಳಿಸಲಾಗದೆ ಮನೆಯವರೇ ತಿನ್ನುತ್ತಿದ್ದರು. ಹಣಮಪ್ಪ ಕರಕಲನ್ನು ಉಗುರಿನಿಂದ ಕೆರೆದು ಕೆರೆದು ಅಗಿಯುತ್ತಿದ್ದರು.

“ಕ್ಲಾಸು ಯಾವಾಗಿಂದ?” ಶರಣಮ್ಮ ಕೇಳಿದರು.

“ಆಗಸ್ಟಿಂದ ಅವ್ವಾ. ಎರಡು ವರ್ಷ.”

ಶರಣಮ್ಮ ಮಗನ ಕಡೆ ತಿರುಗಿ ನೀರಿನ ಬಟ್ಟೆ ಅವನ ಕೈಗೆ ಎಸೆದರು.

“ಕೇಳಿದೇನೋ? ಎರಡು ವರ್ಷ. ಸರಿಯಾಗಿ ಕಲಿ.”