ಡಿಕ್ಕಿ ಹೊಡೆದ ಮೇಲೆ ಕಾಣಿಸಿಕೊಂಡ ಗೋಡೆ

ಲಾಲ್ ಅಹ್ಮದರ ಅಂಗಡಿಯಲ್ಲಿ ಸಾಮಾನಿಗಿಂತ ಸಾಮಾನಿನ ಮೇಲಿನ ಕವರಿಗೇ ಹೆಚ್ಚು ಹೆಸರು. ಶಹಾಬಾದ್ ಅಂದರೆ ಸುತ್ತ ಕಲ್ಲಿನ ಗಣಿ, ಒಳಗೆ ಕಲ್ಲು ಪಾಲಿಶ್ ಮಾಡುವ ಯಂತ್ರ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಹಾಗಾಗಿ ರೇಡಿಯೋ ಮಾರುವ ಕಾಲದಿಂದಲೂ ಆತ ಒಂದು ಪದ್ಧತಿ ಇಟ್ಟುಕೊಂಡಿದ್ದ. ಏನೇ ಮಾರಲಿ, ಅದಕ್ಕೆ ಹೆಂಡತಿ ಮೆಹತಾಬ್ ಅಳತೆ ತೆಗೆದು ರೆಗ್ಜಿನ್ ಕವರ್ ಹೊಲಿದು ಕೊಡಬೇಕು, ಅದೂ ಪುಕ್ಕಟೆ. "ಕವರ್ ತೆಗೆದ್ರ ಗ್ಯಾರಂಟಿ ಇಲ್ಲ" ಎಂದು ಆತ ಬೆರಳೆತ್ತಿ ಹೇಳುತ್ತಿದ್ದ. ಗಿರಾಕಿಗಳು ಮಾತು ಮೀರುತ್ತಿರಲಿಲ್ಲ. ಭಂಕೂರಿನ ಒಬ್ಬರ ಮನೆಯಲ್ಲಿ ಟೇಪ್‌ರೆಕಾರ್ಡರ್ ಕೆಟ್ಟು ಎಷ್ಟೋ ಕಾಲವಾಗಿದೆ, ಕವರ್ ಮಾತ್ರ ಈಗಲೂ ಮದುಮಗನ ಶೇರ್ವಾನಿಯ ಹಾಗೆ ಥಳಥಳಿಸುತ್ತಿದೆ.

ಆತನ ಇನ್ನೊಂದು ಬಂಡವಾಳ ಹೊಗಳಿಕೆ. "ಈ ರೇಡಿಯೋ ಬಾವ್ಯಾಗ ಇಳಿಸಿದ್ರೂ ಹಾಡ್ತದ" ಎಂದರೆ ಗಿರಾಕಿ ನಗುತ್ತಿದ್ದ, ಕೊಳ್ಳುತ್ತಿದ್ದ. ಬಾವಿಯಲ್ಲಿ ಇಳಿಸಿ ನೋಡಿದವರು ಯಾರೂ ಇಲ್ಲ. ಹೊಗಳಿಕೆಯನ್ನು ಅಳೆಯುವ ತಕ್ಕಡಿ ಇನ್ನೂ ಹುಟ್ಟಿಲ್ಲ ಎಂದೇ ಲಾಲ್ ಅಹ್ಮದ್ ತಿಳಿದಿದ್ದ.

ಅದು ಹುಟ್ಟಿತ್ತು. ಎರಡು ಸಾವಿರದ ಒಂಬತ್ತನೇ ಇಸವಿಯಲ್ಲಿ ಪಕ್ಕದ ವಾಡಿ ಊರಿಗೆ ಬಂದು ಮುಟ್ಟಿತ್ತು.

ಆ ವರ್ಷವೇ ಆತನಿಗೆ ಒಂದು ಲ್ಯಾಪ್‌ಟಾಪ್ ಕಂಪನಿಯ ಅಧಿಕೃತ ಮಾರಾಟಗಾರ ಎಂಬ ಬೋರ್ಡು ಸಿಕ್ಕಿತು. ಶಹಾಬಾದಿನಿಂದ ಚಿಂಚೋಳಿಯವರೆಗೆ ಬೇರೆ ಯಾರಿಗೂ ಇರದ ಬೋರ್ಡು. ಅದಕ್ಕಾಗಿ ಗುಲ್ಬರ್ಗದ ಡಿಸ್ಟ್ರಿಬ್ಯೂಟರನ ಬಾಗಿಲಿಗೆ ಚಪ್ಪಲಿ ಸವೆಯುವಷ್ಟು ಅಲೆದಿದ್ದ. ಕೊನೆಗೆ ಬೋರ್ಡು ಕೊಡುವಾಗ ಡಿಸ್ಟ್ರಿಬ್ಯೂಟರ್ ಒಂದೇ ಮಾತು ಹೇಳಿದ್ದ: "ಜಾಹೀರಾತು ಸುಳ್ಳದ ಅಂತ ಗಿರಾಕಿ ಕಾಗದದ ಮ್ಯಾಲೆ ಬರದು ನನಗ ಕಳಸಿದ್ರ, ಅವತ್ತೇ ಬೋರ್ಡ್ ಇಳಸ್ತೀನಿ."

ಲಾಲ್ ಅಹ್ಮದ್ ಬೋರ್ಡು ಏರಿಸಿದ, ಸಿಹಿ ಹಂಚಿದ, ಕೂತು ತಾನೇ ಪಾಂಪ್ಲೆಟ್ ಬರೆದ. ಕಂಪನಿಯ ಕಾಗದದಲ್ಲಿ ಗ್ರಾಫಿಕ್ಸ್ ಮೆಮರಿ "ಗರಿಷ್ಠ ಒಂದು ಜಿಬಿಯವರೆಗೆ, ಹಂಚಿಕೊಂಡದ್ದು" ಎಂದಿತ್ತು. ಅಂದರೆ ಆ ಯಂತ್ರಕ್ಕೆ ಗೇಮಿನ ಚಿತ್ರ ಬಿಡಿಸಲು ಸ್ವಂತ ಮೆಮರಿ ಇಲ್ಲ. ಬೇಕಾದಾಗ ಯಂತ್ರದ ಮೆಮರಿಯಲ್ಲೇ ಕಡ ತೆಗೆದುಕೊಳ್ಳಬೇಕು. ಮನೆಯಲ್ಲಿ ಒಲೆ ಇಲ್ಲದವರು ಪಕ್ಕದ ಮನೆಯ ಒಲೆ ಖಾಲಿಯಾಗುವುದನ್ನು ಕಾದು ಅಡುಗೆ ಮಾಡಿದ ಹಾಗೆ. "ವರೆಗೆ", "ಹಂಚಿಕೊಂಡದ್ದು" ಇಂಥ ಬಡಕಲು ಶಬ್ದಗಳಿಗೆ ಯಾವ ಗಿರಾಕಿ ಬಂದಾನು? ಎರಡನ್ನೂ ಹೊಡೆದು ಹಾಕಿದ. ಇನ್ನೊಂದು ಕಡೆ ಪರದೆ 'ಅರವತ್ತು ಹರ್ಟ್ಜ್' ಎಂದಿತ್ತು. ಪರದೆ ಸೆಕೆಂಡಿಗೆ ಅರವತ್ತು ಸಲ ಹೊಸದಾಗಬಲ್ಲದು ಎಂದಷ್ಟೇ ಅದರ ಅರ್ಥ. ಅಷ್ಟು ಚಿತ್ರಗಳನ್ನು ಬಿಡಿಸಿ ಕೊಡುವುದು ಒಳಗಿನ ಯಂತ್ರದ ಕೆಲಸ, ಅದಕ್ಕೆ ತಾಕತ್ತು ಇರಲಿ ಬಿಡಲಿ. ಲಾಲ್ ಅಹ್ಮದ್ ಇದನ್ನು "ಎಲ್ಲಾ ಹೊಸ ಗೇಮ್, ಸೆಕೆಂಡಿಗೆ ಅರವತ್ತು ಫ್ರೇಮ್, ಬೆಣ್ಣೆ ಮ್ಯಾಲಿನ ಚಾಕು!" ಎಂದು ಬರೆದು ಗುಲಾಬಿ ಕಾಗದದಲ್ಲಿ ಅಚ್ಚು ಹಾಕಿಸಿ ಸೇಡಂ, ಚಿತ್ತಾಪುರದ ಬಸ್ಸುಗಳಲ್ಲೆಲ್ಲ ಹಂಚಿಸಿದ.

ಒಂದು ದಿನ ರಿಜಿಸ್ಟರ್ಡ್ ಪತ್ರ ಬಂತು. ಬರೆದವರು ವಾಡಿಯ ಧೀರೇಂದ್ರರಾಯರು, ಚಿತ್ತಾಪುರ ಕೋರ್ಟಿನ ಗುಮಾಸ್ತರು. ಅದನ್ನು ಲಾಲ್ ಅಹ್ಮದ್ ಗಲ್ಲಾದ ಹಿಂದೆ ನಿಂತೇ ಓದಿದ.

"ಫಿರ್ಯಾದಿಯಾದ ನಾನು ತಮ್ಮ ಗುಲಾಬಿ ಬಣ್ಣದ ಪಾಂಪ್ಲೆಟ್ಟನ್ನು ನಂಬಿ ಸದರಿ ಲ್ಯಾಪ್‌ಟಾಪನ್ನು ಖರೀದಿಸಿರುತ್ತೇನೆ. ಸದರಿ ಲ್ಯಾಪ್‌ಟಾಪಿನಲ್ಲಿ ಕಾರು ಓಟದ ಆಟವನ್ನು ಚಾಲೂ ಮಾಡಲಾಗಿ, ಕಾರು ಮೊದಲು ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ತದನಂತರ ಸದರಿ ಗೋಡೆಯು ಪರದೆಯ ಮೇಲೆ ಗೋಚರಿಸುತ್ತದೆ. ಫ್ರೇಮ್ ಎಣಿಸುವ ಸಾಫ್ಟ್‌ವೇರಿನಿಂದ ಪರೀಕ್ಷಿಸಲಾಗಿ, ಸೆಕೆಂಡಿಗೆ ಅರವತ್ತರ ಬದಲು ಆರಂಭದಲ್ಲಿ ಇಪ್ಪತ್ತು, ಕಾಲು ತಾಸಿನ ಬಳಿಕ ಒಂಬತ್ತು ಎಂದು ಕಂಡುಬಂದಿರುತ್ತದೆ. ಹದಿನೈದು ದಿನದೊಳಗೆ ಜಾಹೀರಾತಿನ ಪ್ರಕಾರ ಓಡಿಸಿ ತೋರಿಸತಕ್ಕದ್ದು, ಇಲ್ಲವೇ ಯಂತ್ರವನ್ನು ವಾಪಸು ಪಡೆಯತಕ್ಕದ್ದು. ತಪ್ಪಿದಲ್ಲಿ ಡಿಸ್ಟ್ರಿಬ್ಯೂಟರರಿಗೂ ಗುಲ್ಬರ್ಗದ ಗ್ರಾಹಕರ ವೇದಿಕೆಗೂ ಪ್ರತಿ ರವಾನಿಸಲಾಗುವುದು. ವಿ.ಸೂ.: ಉತ್ತರವನ್ನು ಕಚೇರಿಯ ವಿಳಾಸಕ್ಕೇ ಕಳಿಸತಕ್ಕದ್ದು. ಮನೆಗೆ ಕೂಡದು."

ಮೆಹತಾಬ್ ಹೊಲಿಗೆ ನಿಲ್ಲಿಸಿ ಕೇಳಿದಳು: "ಏನ್ರೀ, ಯಾರರ ಸತ್ತ್ರೇನು?"

"ಇನ್ನೂ ಇಲ್ಲ. ಬೋರ್ಡ್ ಒಂದು ಸಾಯಾಕತ್ತದ." ಅವಳಿಗೆ ಪತ್ರ ಓದಿ ಹೇಳಿದ. ಕೊನೆಯ ಸಾಲಿಗೆ ಬಂದಾಗ ಮಾತ್ರ ಅವನ ಮೀಸೆ ಅಲುಗಿತು. "ಮನೆಗೆ ಕೂಡದಂತ! ರಾಯರು ಮನಿಯಾಗ ಕೋರ್ಟಿನ ಕೆಲಸಕ್ಕ ತಂದೀನಂತ ಹೇಳ್ಯಾರ. ಈ ವಯಸ್ಸಿನ್ಯಾಗ ಕಾರ್ ಓಡಸ್ತಾರಂತ ಹೇಣ್ತಿಗಿ ಗೊತ್ತಿಲ್ಲ."

"ಗೊತ್ತಿರಲಿಕ್ಕಿಲ್ಲ. ಅದರಾಗ ನಿಮಗೇನು ಬಂತು?"

"ಭಾನುವಾರ ವಾಡಿಗಿ ಹೋಗ್ತೀನಿ. ಅವರ ಮುಂದ ಕುಂತು ಚಾ ಕುಡೀತೀನಿ. ಅಷ್ಟೇ."

"ನೀವು ಚಾ ಕುಡದ್ರ ಯಾರದೋ ಮನೀ ಮುರೀತದ" ಎಂದು ಮೆಹತಾಬ್ ಮತ್ತೆ ಮಷೀನು ತುಳಿಯತೊಡಗಿದಳು.

ಭಾನುವಾರ ಲಾಲ್ ಅಹ್ಮದ್ ರೈಲು ಹತ್ತಿ ವಾಡಿಗೆ ಇಳಿದು ರಾಯರ ಮನೆಯ ಬಾಗಿಲು ಬಡಿದ. ಬಾಗಿಲು ತೆರೆದ ಧೀರೇಂದ್ರರಾಯರ ಮುಖ ಜಾಮೀನು ಸಿಗದ ಆರೋಪಿಯ ಮುಖವಾಯಿತು.

"ನೀವು ಇಲ್ಲಿ? ಆಫೀಸಿನ ವಿಳಾಸ ಕೊಟ್ಟಿದ್ದೆನಲ್ರಿ ಸಾಹೇಬ್ರ..."

"ಆಫೀಸಿನ್ಯಾಗ ಮಷೀನ್ ಇಲ್ಲಲ್ರಿ ರಾಯರೇ. ವೈದ್ಯ ರೋಗಿ ಇದ್ದಲ್ಲಿ ಬರಬೇಕು." ಒಳಗಿನಿಂದ ರಾಯರ ಹೆಂಡತಿ ನರ್ಮದಾಬಾಯಿ ಬಂದರು. ಲಾಲ್ ಅಹ್ಮದ್ ಕೈಮುಗಿದು, ಧ್ವನಿಗೆ ಜೇನು ಸವರಿ ಬಾಣ ಬಿಟ್ಟ: "ನಮಸ್ಕಾರ ಅಮ್ಮಾರ. ರಾಯರು ಲ್ಯಾಪ್‌ಟಾಪ್ ಸರಿ ಇಲ್ಲಂತ ಬರದಾರ. ಯಾವ ಕೆಲಸಕ್ಕ ಸರಿ ಇಲ್ಲ ಅನ್ನೋದು ನಿಮ್ಮ ಮುಂದನೇ ಹೇಳಿಬಿಟ್ರ ಛಲೋ..."

ರಾಯರು ಸೀಲಿಂಗ್ ಫ್ಯಾನ್ ನೋಡಿದರು.

"ಯಾವ ಕೆಲಸಕ್ಕ ಅಂದ್ರ? ಕಾರ್ ಓಡಸಲಿಕ್ಕ" ಎಂದರು ನರ್ಮದಾಬಾಯಿ. "ಕೋರ್ಟಿನ ಕಾಗದ ಬರೆಯೋವ್ರು ಕೂತಲ್ಲೇ ಎಡಕ್ಕ ಬಲಕ್ಕ ವಾಲ್ತಾರೇನ್ರಿ? ನನಗ ಕಣ್ಣಿಲ್ಲೇನು?"

ಬಾಣ ಗುರಿ ಮುಟ್ಟುವ ಮೊದಲೇ ಮುರಿದು ಬಿತ್ತು. ಲಾಲ್ ಅಹ್ಮದ್ ಇನ್ನೊಂದನ್ನು ಹುಡುಕುವಷ್ಟರಲ್ಲಿ ಆಕೆ ಅವನ ಕಡೆ ತಿರುಗಿದರು. "ನಿಮ್ಮ ಮ್ಯಾಲೇ ನನಗ ಸಿಟ್ಟದ ನೋಡ್ರಿ. ಮಷೀನ್ ನೆಟ್ಟಗಿದ್ರ ಒಂದು ಓಟ ಮುಗಿಸಿ ಊಟಕ್ಕ ಏಳತಿದ್ರು. ನಿಮ್ಮ ಮಷೀನ್‌ನ್ಯಾಗ ಆ ಕಾರು ಎತ್ತಿನ ಬಂಡಿ ಹಾಂಗ ತೆವಳತದ. ಓಟ ಮುಗಿಯೂದುಲ್ಲ, ಇವರು ಏಳೂದುಲ್ಲ, ಸಾರು ಮೂರು ಸಲ ಬಿಸಿ ಮಾಡಬೇಕು. ಫಿರ್ಯಾದಿನ್ಯಾಗ ನನ್ನ ಸಾರೂ ಬರೀರಿ ಅಂತ ಹೇಳಬೇಕಂತಿದ್ದೆ."

ರಾಯರು ಫ್ಯಾನಿನ ಮೇಲಿನ ಕಣ್ಣನ್ನು ನಿಧಾನ ಕೆಳಗಿಳಿಸಿದರು. ಸಾಕ್ಷಿ ತಮ್ಮ ಕಡೆಯದು ಎಂದು ಗೊತ್ತಾದ ಮೇಲೆ ಅವರ ಧ್ವನಿಯೇ ಬೇರೆ. "ಕುಂದ್ರಿ ಲಾಲ್ ಅಹ್ಮದ್ ಸಾಹೇಬ್ರ. ಸ್ಥಳ ಪರಿಶೀಲನೆ ಆಗಲಿ."

ಆಟ ಶುರುವಾಯಿತು. ಪರದೆಯ ಮೂಲೆಯಲ್ಲಿ ಹಳದಿ ಅಂಕಿ, ಹೊಗಳಿಕೆಯ ತಕ್ಕಡಿ ಅದೇ, ಇಪ್ಪತ್ತರ ಆಸುಪಾಸಿನಲ್ಲಿ ಕುಣಿಯಿತು. ಸ್ವಲ್ಪ ಹೊತ್ತಿಗೆ ಇಳಿಯಿತು, ಇನ್ನೂ ಇಳಿಯಿತು, ಒಂಬತ್ತಕ್ಕೆ ಬಂದು ಕೂತಿತು. ಕಾರು ನಿಂತ ಹಾಗೆ ಇತ್ತು, ಆಮೇಲೆ ಗೋಡೆಯ ಮೇಲೆ ಇತ್ತು. ನಡುವೆ ಏನಾಯಿತೆಂದು ಯಾರಿಗೂ ಕಾಣಲಿಲ್ಲ.

"ನೋಡ್ರಿ ನಿಮ್ಮ ಬೆಣ್ಣಿ, ನಿಮ್ಮ ಚಾಕು" ಎಂದರು ರಾಯರು.

ಲಾಲ್ ಅಹ್ಮದ್ ಲ್ಯಾಪ್‌ಟಾಪಿನ ಅಡಿಗೆ ಕೈ ಹಾಕಿ ತಟ್ಟನೆ ಹಿಂದೆಗೆದ. ರೊಟ್ಟಿ ಬೇಯಿಸಬಹುದಿತ್ತು. ಕಪ್ಪು ರೆಗ್ಜಿನ್ ಕವರ್, ಮೆಹತಾಬಳ ಒತ್ತು ಹೊಲಿಗೆ, ಪರದೆ ಮತ್ತು ಕೀಲಿಗಳಿಗಷ್ಟೇ ಕಿಟಕಿ. ಅಡಿಯಲ್ಲಿ ಗಾಳಿ ಎಳೆಯುವ ಜಾಲರಿ, ಬದಿಯಲ್ಲಿ ಬಿಸಿಗಾಳಿ ಉಗುಳುವ ಕಿಂಡಿ, ಎರಡರ ಮೇಲೂ ರೆಗ್ಜಿನ್ ಬಿಗಿದು ಕೂತಿತ್ತು. ಒಳಗೆ ಕಾವು ಏರಿದರೆ ಯಂತ್ರ ಸುಟ್ಟುಹೋಗದಿರಲೆಂದು ತಾನೇ ತನ್ನ ವೇಗ ಇಳಿಸಿಕೊಳ್ಳುತ್ತದೆ. ಕಂಬಳಿ ಹೊದಿಸಿ ಓಡು ಎಂದರೆ ಯಾರಾದರೂ ಓಡಿಯಾರೆ?

"ಇದ್ಯಾಕ ಇನ್ನೂ ತೆಗದಿಲ್ರಿ?" ಎಂದ ಬಾಯಿ ತಪ್ಪಿ.

"ಕವರ್ ತೆಗೆದ್ರ ಗ್ಯಾರಂಟಿ ಇಲ್ಲ ಅಂತ ಬೆರಳೆತ್ತಿ ಹೇಳಿದವ್ರು ಯಾರ್ರಿ? ಬಿಲ್ಲಿನ ಹಿಂದ ಸೈತ ಬರದೀರಿ" ಎಂದರು ರಾಯರು.

ಲಾಲ್ ಅಹ್ಮದ್ ಕತ್ತರಿ ಕೇಳಿದ. ಹೆಂಡತಿಯ ಹೊಲಿಗೆ ಅಷ್ಟು ಗಟ್ಟಿಯಾಗಿರುತ್ತದೆಂದು ಅವತ್ತೇ ಆತನಿಗೆ ತಿಳಿದದ್ದು. ಕವರ್ ಬಿಚ್ಚಿ, ಜಾಲರಿಗೆ ಗಾಳಿ ಆಡುವಂತೆ ಅಡಿಗೆ ಎರಡು ಪುಸ್ತಕ ಕೊಟ್ಟು, ಯಂತ್ರ ತಣ್ಣಗಾಗುವವರೆಗೆ ಎಲ್ಲರೂ ಚಾ ಕುಡಿದರು. ಮತ್ತೆ ಓಡಿಸಿದರೆ ಅಂಕಿ ಇಪ್ಪತ್ತೆರಡಕ್ಕೆ ಬಂದು ಅಲ್ಲೇ ನಿಂತಿತು. ಆಟದೊಳಗೆ ಚಿತ್ರದ ಗಾತ್ರ, ನೆರಳು, ಹೊಳಪು, ಗಿಡಮರ ಎಲ್ಲ ಕಡಿಮೆ ಮಾಡಿದ ಮೇಲೆ ಮೂವತ್ತು ಮುಟ್ಟಿತು. ಈಗ ಗೋಡೆ ಮೊದಲು ಕಾಣುತ್ತಿತ್ತು, ಡಿಕ್ಕಿ ಆಮೇಲೆ.

"ಆಯ್ತಲ್ರಿ!" ಎಂದ ಲಾಲ್ ಅಹ್ಮದ್, ಎದ್ದು ಟೋಪಿ ಸರಿಮಾಡಿಕೊಂಡು.

"ಏನಾಯ್ತು? ಮೂವತ್ತು ಅಂದ್ರ ಅರವತ್ತರ ಅರ್ಧ. ಅದೂ ರಸ್ತೆ ಮ್ಯಾಲಿನ ಗಿಡಮರ ಎಲ್ಲ ಕಡದ ಮ್ಯಾಲೆ." ರಾಯರು ಗುಲಾಬಿ ಪಾಂಪ್ಲೆಟ್ಟನ್ನು ಮೇಜಿನ ಮೇಲೆ ಬಿಡಿಸಿಟ್ಟರು. "ಒಂಬತ್ತು ಆಗಿದ್ದು ಕವರಿನ ತಪ್ಪು, ಒಪ್ಪಿದೆ. ಮೂವತ್ತರ ಮ್ಯಾಲೆ ಹೋಗದೇ ಇರೂದು ಈ ಕಾಗದದ ತಪ್ಪು. ಅದನ್ನ ಯಾವ ಕತ್ತರಿಲಿಂದ ಬಿಚ್ಚತೀರಿ?"

ಲಾಲ್ ಅಹ್ಮದ್ ಮತ್ತೆ ಕೂತ. ಬೋರ್ಡು ಕಣ್ಣ ಮುಂದೆ ಒಂದೊಂದೇ ಮೊಳೆ ಕಳಚಿಕೊಂಡು ಇಳಿಯುತ್ತಿತ್ತು.

"ರಾಯರೇ, ಅರವತ್ತು ಅನ್ನೋದು ಪರದೆದ್ದು ಇತ್ತು. ನಾ ಗೇಮಿಂದು ಅಂತ ತಿಳದೆ. ಮತ್ತ ಆ ಒಂದು ಜಿಬಿ..." ಇಲ್ಲಿ ಗುಲಾಬಿ ಕಾಗದವನ್ನು ಮಗುಚಿಟ್ಟ. "ಅದರ ಮುಂದಿನ 'ವರೆಗೆ', 'ಹಂಚಿಕೊಂಡದ್ದು' ಗೊತ್ತಿದ್ದೇ ಹೊಡದು ಹಾಕಿದ್ದು. ಮಷೀನ್ ವಾಪಸ್ ಒಯ್ತೀನಿ. ಗ್ರಾಫಿಕ್ಸ್ ಬೇರೆ ಇದ್ದದ್ದು ಹೈದರಾಬಾದಿಲಿಂದ ತರಸಿ ಕೊಡ್ತೀನಿ. ಇದಕ್ಕಿಂತ ತುಟ್ಟಿ ಆಗ್ತದ, ಹೆಚ್ಚಿಂದಷ್ಟೇ ಕೊಡ್ರಿ. ಡಿಸ್ಟ್ರಿಬ್ಯೂಟರಗ ಮಾತ್ರ ಬರೀಬ್ಯಾಡ್ರಿ."

"ಬರೆಯೂದುಲ್ಲ. ಒಂದು ಷರತ್ತು. ಹೊಸ ಪಾಂಪ್ಲೆಟ್ ನಾ ಬರೀತೀನಿ. ಒಂದು ಅಕ್ಷರ ತಿದ್ದದೆ ಹಂಚಬೇಕು."

ರಾಯರು ಬರೆದುಕೊಟ್ಟದ್ದನ್ನು ಶಹಾಬಾದಿನ ಅಂಗಡಿಯಲ್ಲಿ ಓದಿ ಮೆಹತಾಬ್ ಸೆರಗು ಬಾಯಿಗೆ ಒತ್ತಿಕೊಂಡಳು. "ಸದರಿ ಲ್ಯಾಪ್‌ಟಾಪಿಗೆ ಪ್ರತ್ಯೇಕ ಗ್ರಾಫಿಕ್ಸ್ ಇರುವುದಿಲ್ಲ. ಭಾರಿ ಗೇಮುಗಳು ಸಮರ್ಪಕವಾಗಿ ಓಡುವುದಿಲ್ಲ. ಬರವಣಿಗೆ, ಲೆಕ್ಕ, ಅಭ್ಯಾಸ ಇತ್ಯಾದಿಗಳಿಗೆ ಯೋಗ್ಯ. ಗಾಳಿಕಿಂಡಿ ಮುಚ್ಚಕೂಡದು."

"ಇದು ಜಾಹೀರಾತೋ, ತಲಾಖ್‌ನಾಮಾನೋ?" ಎಂದ ಲಾಲ್ ಅಹ್ಮದ್. ಆದರೂ ಮಾತು ಕೊಟ್ಟಿದ್ದ, ಹಂಚಿಸಿದ. ಅಂಗಡಿಯಲ್ಲಿ ನೊಣ ಹೊಡೆಯಲು ಸಿದ್ಧನಾಗಿ ಕೂತ.

ನೊಣ ಬರಲಿಲ್ಲ, ಅಪ್ಪಂದಿರು ಬಂದರು. ಸೇಡಂನಿಂದ, ಚಿಂಚೋಳಿಯಿಂದ, ಪಾಂಪ್ಲೆಟ್ ಜೇಬಿನಲ್ಲಿ ಮಡಚಿಟ್ಟುಕೊಂಡು ಬಂದರು. ಮಕ್ಕಳಿಗೆ ಕಂಪ್ಯೂಟರು ಕೊಡಿಸದಿದ್ದರೆ ಮಕ್ಕಳು ಬೈಯುತ್ತಾರೆ, ಕೊಡಿಸಿದರೆ ಗೇಮ್ ಆಡಿ ಕೆಡುತ್ತಾರೆ ಎಂದು ಒದ್ದಾಡುತ್ತಿದ್ದ ಜನಕ್ಕೆ ಶಹಾಬಾದಿನಲ್ಲಿ ಗೇಮ್ ಓಡದ ಲ್ಯಾಪ್‌ಟಾಪ್ ಸಿಗುತ್ತದೆ ಎಂಬ ಸುದ್ದಿ ಅಮೃತದಂತೆ ಕೇಳಿಸಿತ್ತು.

ಕೊಡ್ಲಿ ಊರಿನ ಭೀಮಶ್ಯಾ ಎಂಬ ದೊಡ್ಡ ರುಮಾಲಿನ ಮನುಷ್ಯ ಬಂದು ಯಂತ್ರವನ್ನು ಸುತ್ತಲೂ ನೋಡಿ, ಗಲ್ಲಾದ ಮೇಲೆ ಬಿಳಿ ಕಾಗದ ಇಟ್ಟ. "ಇದರಾಗ ಯಾವ ಗೇಮೂ ಓಡೂದುಲ್ಲ ಅಂತ ಬರದು ಸಹಿ ಮಾಡ್ರಿ. ಈಗೇ ಮಗನ ಅಭ್ಯಾಸಕ್ಕ ಒಯ್ತೀನಿ."

ಲಾಲ್ ಅಹ್ಮದ್ ಪೆನ್ನು ತೆಗೆದ. ಕೈ ಅಲ್ಲೇ ನಿಂತಿತು. ಹಳೆಯ ಲಾಲ್ ಅಹ್ಮದ್ ಆಗಿದ್ದರೆ ಇಷ್ಟೊತ್ತಿಗೆ ಮೂರು ಸಹಿ ಹಾಕುತ್ತಿದ್ದ.

"ಹಂಗ ಬರೆಯಾಕ ಬರೂದುಲ್ಲ ಗೌಡ್ರ. ದೊಡ್ಡ ಗೇಮ್ ಓಡೂದುಲ್ಲ, ಖರೇ. ಸಣ್ಣಪುಟ್ಟವು ಓಡ್ತಾವ."

ಭೀಮಶ್ಯಾನ ಹುಬ್ಬು ಗಂಟಾಯಿತು. ಕಾಗದವನ್ನು ಮಡಚತೊಡಗಿದ. ವ್ಯಾಪಾರ ಕೈಬಿಟ್ಟಿತು ಎಂದು ಲಾಲ್ ಅಹ್ಮದ್ ಪೆನ್ನಿಗೆ ಟೋಪಿ ಹಾಕಿದ. ಬಾಗಿಲ ತನಕ ಹೋದ ಭೀಮಶ್ಯಾ ಹೊರಗೆ ಯಾರಾದರೂ ಇದ್ದಾರೇನೋ ಎಂದು ನೋಡಿ, ತಿರುಗಿ ಬಂದು, ಗಲ್ಲಾದ ಮೇಲೆ ಬಾಗಿ ಪಿಸುಗುಟ್ಟಿದ:

"ಸಣ್ಣಪುಟ್ಟವು ಅಂದ್ರ... ಇಸ್ಪೀಟು ಓಡ್ತದೇನು?"

"ಓಡ್ತದ್ರಿ."

"ಹಂಗಾದ್ರ ಕಟ್ಟ್ರಿ" ಎಂದ ಭೀಮಶ್ಯಾ.